ಚಿನ್ನ, ಷೇರು, ಬಾಂಡ್: ಮೂರೂ ಒಟ್ಟಿಗೆ ಬೀಳದಂತೆ ಹಣ ಹಂಚುವುದು ಹೇಗೆ?

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ನನ್ನ ಹತ್ತಿರ ಐದು ಮ್ಯೂಚುವಲ್ ಫಂಡ್ ಇವೆ. ಆದರೂ ಮಾರುಕಟ್ಟೆ ಬಿದ್ದ ದಿನ ಐದೂ ಕೆಂಪು. ಹಣ ಹಂಚಿ ಹಾಕಿ ಅಂತ ನೀವೇ ಹೇಳಿದ್ದಿರಲ್ವಾ?" ಅದರ ಬೆನ್ನಿಗೇ ಇನ್ನೊಂದು: "ಚಿನ್ನ ಇಷ್ಟು ಏರಿದೆ, ಈಗ ಸೇರಿಸಲಾ?" ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ನಿಮ್ಮ ಹತ್ತಿರ ಎಷ್ಟು ಬಗೆ ಹೂಡಿಕೆ ಇದೆ ಅನ್ನುವುದು ಮುಖ್ಯ ಅಲ್ಲ. ಅವು ಒಂದೇ ಕಾರಣಕ್ಕೆ ಬೀಳುತ್ತವೆಯೇ, ಬೇರೆ ಬೇರೆ ಕಾರಣಕ್ಕೆ ಬೀಳುತ್ತವೆಯೇ ಅನ್ನುವುದು ಮುಖ್ಯ.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದರೆ ಬೆಳೆ ಎರಡಾಗುತ್ತದೆ. ಆದರೆ ಬಿಡದೆ ಸುರಿಯುವ ಮಳೆಗೆ ಅಡಿಕೆಗೆ ಕೊಳೆರೋಗ ಬಂದರೆ ಮೆಣಸಿಗೆ ಸೊರಗು ರೋಗ ಬರುತ್ತದೆ. ಎರಡರ ಹಿಂದೆಯೂ ಒಂದೇ ಕುಲದ ರೋಗಾಣು, ಫೈಟಾಫ್ತೊರ. ಬೆಳೆ ಎರಡಾದರೂ ಆ ಮಳೆಯ ಮಟ್ಟಿಗೆ ಅಪಾಯ ಒಂದೇ. ಬಯಲುಸೀಮೆಯ ರಾಗಿ ಹೊಲದ ಲೆಕ್ಕ ಬೇರೆ. ಅಲ್ಲಿ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ ಇರುತ್ತವೆ. ರಾಗಿಗೆ ಬೇಕಾದ ಹೊತ್ತಿಗೆ ಮಳೆ ಕೈಕೊಟ್ಟರೂ, ಆಮೇಲೆ ಬಿದ್ದ ಮಳೆಗೆ ಅವರೆ ಚೇತರಿಸಿಕೊಳ್ಳುತ್ತದೆ. ಐದು ಷೇರು ಫಂಡ್ ಇಟ್ಟುಕೊಂಡವರು ಅಡಿಕೆ-ಮೆಣಸಿನ ತೋಟದವರು. ಅವರಿಗೆ ಬೇಕಾಗಿರುವುದು ಅಕ್ಕಡಿ ಸಾಲು.

ಎರಡು ಹೂಡಿಕೆಗಳು ಎಷ್ಟರ ಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂದು ಅಳೆಯುವ ಸಂಖ್ಯೆಗೆ ಕೋರಿಲೇಷನ್ ಎನ್ನುತ್ತಾರೆ. ಅದು -1ರಿಂದ +1ರ ಒಳಗೆ ಇರುತ್ತದೆ. +1 ಅಂದರೆ ಎರಡೂ ಸದಾ ಜೊತೆಜೊತೆಗೆ. -1 ಅಂದರೆ ಒಂದು ಏರಿದಾಗಲೆಲ್ಲ ಇನ್ನೊಂದು ಇಳಿಯುತ್ತದೆ. ಸೊನ್ನೆ ಅಂದರೆ ಒಂದಕ್ಕೂ ಇನ್ನೊಂದಕ್ಕೂ ನಂಟಿಲ್ಲ, ಅದರ ದಾರಿ ಅದಕ್ಕೆ. ಈ ಲೆಕ್ಕವನ್ನು ಹೂಡಿಕೆಯ ಮಿಶ್ರಣಕ್ಕೆ ಕಟ್ಟಿ ತೋರಿಸಿದವರು ಅಮೆರಿಕದ ಹ್ಯಾರಿ ಮಾರ್ಕೊವಿಟ್ಸ್, 1952ರಲ್ಲಿ. 1990ರಲ್ಲಿ ಅವರಿಗೆ ನೊಬೆಲ್ ಬಂತು. ನಾವು ಅದನ್ನೇ ಮನೆಯ ಕಂಪ್ಯೂಟರಿನಲ್ಲಿ, ನಮ್ಮ ರೂಪಾಯಿ ಲೆಕ್ಕದಲ್ಲಿ ಮಾಡೋಣ.

ಬೇಕಾಗುವುದು ಇಷ್ಟೇ: ಎಕ್ಸೆಲ್ ಅಥವಾ ಗೂಗಲ್ ಶೀಟ್, ಎರಡು ಗಂಟೆ ಸಮಯ, ಮತ್ತು ಹತ್ತು ವರ್ಷದ ತಿಂಗಳ ಕೊನೆಯ ಬೆಲೆಗಳು.

1. ಮೊದಲು ಇರುವುದನ್ನು ಮೂರು ರಾಶಿ ಮಾಡಿ

ಒಂದು ಹಾಳೆಯಲ್ಲಿ ಷೇರು, ಚಿನ್ನ, ಬಾಂಡ್ ಅಂತ ಮೂರು ಕಾಲಂ ಹಾಕಿ. ಷೇರು ಫಂಡ್‌ಗಳು, ನೇರ ಷೇರುಗಳು ಮೊದಲನೆಯದಕ್ಕೆ. ಬ್ಯಾಂಕ್ ಎಫ್‌ಡಿ, ಪಿಪಿಎಫ್, ಡೆಟ್ ಫಂಡ್, ಸರ್ಕಾರಿ ಬಾಂಡ್ ಮೂರನೆಯದಕ್ಕೆ. ಇಲ್ಲಿ ಜನ ಮರೆಯುವುದು ಇಪಿಎಫ್. ಹದಿನೈದು ವರ್ಷ ಕೆಲಸ ಮಾಡಿದವರ ಪಿಎಫ್ ಖಾತೆಯಲ್ಲಿ ಒಳ್ಳೆಯ ಮೊತ್ತವೇ ಇರುತ್ತದೆ. ಅದನ್ನು ಬಿಟ್ಟು ಲೆಕ್ಕ ಹಾಕಿ "ನನ್ನ ಹತ್ತಿರ ಬಾಂಡೇ ಇಲ್ಲ" ಅನ್ನುತ್ತಾರೆ.

ಇನ್ನು ಚಿನ್ನ. ಮನೆಯ ಒಡವೆಯನ್ನು ಇದಕ್ಕೆ ಸೇರಿಸಬೇಕೆ? ನನ್ನ ಉತ್ತರ: ಬೇಡ. ಕಾರಣ ಭಾವನೆಯದಲ್ಲ, ಲೆಕ್ಕದ್ದು. ಮುಂದೆ 6ನೇ ಹಂತದಲ್ಲಿ ನೋಡುವಂತೆ, ಚಿನ್ನ ನಿಮಗೆ ಉಪಯೋಗಕ್ಕೆ ಬರುವುದು ಏರಿದಾಗ ಒಂದಿಷ್ಟು ಮಾರಿ, ಬಿದ್ದಿರುವ ಷೇರು ಕೊಂಡಾಗ. ಅಮ್ಮನ ಅವಲಕ್ಕಿ ಸರ ಮಾರಿ ನಿಫ್ಟಿ ಫಂಡ್ ಕೊಳ್ಳುವವರು ಯಾರೂ ಇಲ್ಲ. ಮಾರಿದರೂ ಕೂಲಿ, ವೇಸ್ಟೇಜ್ ಅಂತ ಕೊಟ್ಟ ಹಣ ವಾಪಸ್ ಬರುವುದಿಲ್ಲ. ಮಾರಲಾಗದ ಚಿನ್ನ ಈ ಹಾಳೆಗೆ ಬರುವುದು ಬೇಡ.

2. ಬೆಲೆ ಅಲ್ಲ, ತಿಂಗಳ ಲಾಭ-ನಷ್ಟ ತೆಗೆಯಿರಿ

ಷೇರಿಗೆ ನಿಫ್ಟಿ 50ರ ಟೋಟಲ್ ರಿಟರ್ನ್ ಸೂಚ್ಯಂಕ (ಡಿವಿಡೆಂಡ್ ಸೇರಿಸಿದ ಲೆಕ್ಕ) niftyindices.com ನಲ್ಲಿ ಸಿಗುತ್ತದೆ. ಚಿನ್ನಕ್ಕೆ ಯಾವುದಾದರೂ ಹಳೆಯ ಗೋಲ್ಡ್ ಇಟಿಎಫ್‌ನ ಎನ್‌ಎವಿ, ಬಾಂಡಿಗೆ ಹಳೆಯ ಗಿಲ್ಟ್ ಫಂಡ್ ಒಂದರ ಎನ್‌ಎವಿ ತೆಗೆದುಕೊಳ್ಳಿ. ಇವೆರಡೂ amfiindia.com ನಲ್ಲಿವೆ. ಇಟಿಎಫ್ ತನ್ನ ಯೂನಿಟ್‌ಗಳನ್ನು ಒಡೆದಿದ್ದರೆ, ಅದಕ್ಕೂ ಹಿಂದಿನ ಎನ್‌ಎವಿಗಳನ್ನು ಅದೇ ಪ್ರಮಾಣದಲ್ಲಿ ಭಾಗಿಸಿಕೊಳ್ಳಿ. ಇಟಿಎಫ್ ಎಂದರೆ ಷೇರಿನ ಹಾಗೆ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಫಂಡ್. ಗಿಲ್ಟ್ ಫಂಡ್ ಎಂದರೆ ಮುಖ್ಯವಾಗಿ ಸರ್ಕಾರಿ ಬಾಂಡ್‌ಗಳಲ್ಲಿ ಹಣ ಹಾಕುವ ಫಂಡ್. ಎನ್‌ಎವಿ ಎಂದರೆ ಅದರ ಒಂದು ಯೂನಿಟ್‌ನ ಬೆಲೆ.

ಎ ಕಾಲಂನಲ್ಲಿ ತಾರೀಖು, ಬಿ, ಸಿ, ಡಿ ಕಾಲಂಗಳಲ್ಲಿ ಮೂರರ ತಿಂಗಳ ಕೊನೆಯ ಬೆಲೆ. ಎರಡನೇ ಸಾಲಿನಿಂದ ಶುರುಮಾಡಿ 122ನೇ ಸಾಲಿನವರೆಗೆ. ಈಗ E3 ಮನೆಯಲ್ಲಿ ಹೀಗೆ ಬರೆದು, ಬಲಕ್ಕೂ ಕೆಳಕ್ಕೂ ಎಳೆಯಿರಿ:

```
=B3/B2-1
```

ಇದೇ ತಿಂಗಳ ಲಾಭ ಅಥವಾ ನಷ್ಟ. ಈ ಹಂತವನ್ನು ಬಿಟ್ಟು ನೇರ ಬೆಲೆಗಳ ಮೇಲೆಯೇ ಕೋರಿಲೇಷನ್ ಹಾಕುವುದು ನಾನು ಕಂಡ ಅತಿ ದೊಡ್ಡ ತಪ್ಪು. ಹತ್ತು ವರ್ಷದಲ್ಲಿ ಷೇರೂ ಏರಿದೆ, ಚಿನ್ನವೂ ಏರಿದೆ, ಗಿಲ್ಟ್ ಫಂಡೂ ಏರಿದೆ. ಬೆಲೆಗಳನ್ನು ಹೋಲಿಸಿದರೆ ಉತ್ತರ 0.8, 0.9 ಬರುತ್ತದೆ, "ಅಯ್ಯೋ, ಎಲ್ಲ ಒಂದೇ" ಅನಿಸುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಮಗಳ ಎತ್ತರಕ್ಕೂ ಚಿನ್ನದ ಬೆಲೆಗೂ 0.9 ಕೋರಿಲೇಷನ್ ಬರಬಹುದು. ಎರಡೂ ಬೆಳೆಯುತ್ತಿವೆ, ಅಷ್ಟೇ. ನಮಗೆ ಬೇಕಿರುವುದು ಒಂದು ಮುಗ್ಗರಿಸಿದ ತಿಂಗಳು ಇನ್ನೊಂದು ಏನು ಮಾಡಿತು ಅನ್ನುವುದು.

ಇನ್ನೊಂದು ಎಚ್ಚರ. ಡಾಲರ್ ಚಿನ್ನದ ಬೆಲೆ ತೆಗೆದುಕೊಳ್ಳಬೇಡಿ. ಇಂಗ್ಲಿಷ್ ವೆಬ್‌ಸೈಟ್‌ಗಳಲ್ಲಿ ಸಿಗುವ ಚಿತ್ರಗಳೆಲ್ಲ ಔನ್ಸಿಗೆ ಇಷ್ಟು ಡಾಲರ್ ಅನ್ನುವ ಲೆಕ್ಕದವು. ನಮ್ಮ ಚಿನ್ನ ಬೇರೆಯದೇ ಪ್ರಾಣಿ. ಯಾಕೆ ಅನ್ನುವುದು 4ನೇ ಹಂತದಲ್ಲಿದೆ.

3. ಕೋರಿಲೇಷನ್ ತೆಗೆದು ಓದಿ

ಖಾಲಿ ಮನೆಯೊಂದರಲ್ಲಿ ಷೇರು-ಚಿನ್ನದ ಲೆಕ್ಕ ಹೀಗೆ:

```
=CORREL(E3:E122,F3:F122)
```

ಷೇರು-ಬಾಂಡಿಗೆ F ಜಾಗದಲ್ಲಿ G ಹಾಕಿ. ಷೇರು ಮತ್ತು ಚಿನ್ನದ ನಡುವೆ ಸೊನ್ನೆಯ ಆಸುಪಾಸಿನ ಸಂಖ್ಯೆ ಕಂಡರೆ ಗಾಬರಿಯಾಗಬೇಡಿ, ಅದು ಸಹಜ. ಹೋಲಿಕೆಗೆ ನಿಮ್ಮ ಲಾರ್ಜ್‌ಕ್ಯಾಪ್ ಫಂಡ್ ಮತ್ತು ಮಿಡ್‌ಕ್ಯಾಪ್ ಫಂಡ್‌ನ ಲೆಕ್ಕವನ್ನೂ ಹಾಕಿ ನೋಡಿ. 0.9ರ ಹತ್ತಿರ ಬರುತ್ತದೆ. ಮೊದಲ ಪ್ರಶ್ನೆ ಕೇಳಿದ ಓದುಗರಿಗೆ ಉತ್ತರ ಆ ಒಂದು ಸಂಖ್ಯೆಯಲ್ಲೇ ಇದೆ.

"ಸೊನ್ನೆ ಅಂದರೆ ಏನೂ ಪ್ರಯೋಜನ ಇಲ್ಲ ಅಂತಲ್ವಾ? ಮೈನಸ್ ಬಂದರೆ ತಾನೇ ರಕ್ಷಣೆ?" ಎಂದು ಕೇಳುತ್ತಾರೆ. ಇಲ್ಲ. ಸೊನ್ನೆಯೇ ಸಾಕಷ್ಟು ಕೆಲಸ ಮಾಡುತ್ತದೆ. ಷೇರಿನ ವಾರ್ಷಿಕ ಏರಿಳಿತ 18%, ಚಿನ್ನದ್ದು 15% ಅಂದುಕೊಳ್ಳಿ. ಏರಿಳಿತ ಎಂದರೆ ವರ್ಷದ ಲಾಭ ತನ್ನ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಅನ್ನುವ ಅಳತೆ. ಅರ್ಧ ಷೇರು, ಅರ್ಧ ಚಿನ್ನ ಇಟ್ಟರೆ, ಕೋರಿಲೇಷನ್ +1 ಇದ್ದಾಗ ಮಿಶ್ರಣದ ಏರಿಳಿತ ಎರಡರ ಸರಾಸರಿ, 16.5%. ಅಂದರೆ ಮಿಶ್ರಣ ಮಾಡಿ ಸಿಕ್ಕ ಲಾಭ ಏನೂ ಇಲ್ಲ. ಕೋರಿಲೇಷನ್ 0.5 ಆದರೆ ಏರಿಳಿತ 14.3%ಕ್ಕೆ ಇಳಿಯುತ್ತದೆ. ಸೊನ್ನೆ ಆದರೆ 11.7%. ಗಮನಿಸಿ, ಎರಡರಲ್ಲಿ ಸೌಮ್ಯವಾದ ಚಿನ್ನದ 15%ಕ್ಕಿಂತಲೂ ಮಿಶ್ರಣ ಸೌಮ್ಯ. ಷೇರು ಬಿದ್ದಾಗಲೆಲ್ಲ ಚಿನ್ನ ಏರಬೇಕಿಲ್ಲ. ಷೇರಿನ ಮಾತು ಕೇಳದೆ ತನ್ನ ಪಾಡಿಗೆ ತಾನಿದ್ದರೆ ಸಾಕು.

ಒಂದು ಪರೀಕ್ಷೆ ಮಾಡಿ. 2020ರ ಮಾರ್ಚ್ ಸಾಲು ಹುಡುಕಿ. ಆ ಒಂದೇ ತಿಂಗಳು ನಿಫ್ಟಿ 23% ಬಿತ್ತು. ಬೆಲೆಗಳನ್ನು ಮುಟ್ಟದೆ, ಆ ಸಾಲಿನ E, F, G ಮನೆಗಳನ್ನು ಮಾತ್ರ ಖಾಲಿ ಮಾಡಿ ಉತ್ತರ ನೋಡಿ, ಮತ್ತೆ ಹಾಕಿ ನೋಡಿ. 120 ತಿಂಗಳಲ್ಲಿ ಒಂದೇ ತಿಂಗಳು ಸಂಖ್ಯೆಯನ್ನು ಅಲುಗಾಡಿಸುವುದು ಕಾಣುತ್ತದೆ. 0.05ಕ್ಕೂ 0.12ಕ್ಕೂ ವ್ಯತ್ಯಾಸ ಹುಡುಕುತ್ತಾ ಕೂರುವುದು ವ್ಯರ್ಥ ಅಂತ ಆಗ ಗೊತ್ತಾಗುತ್ತದೆ.

4. ಸಂಖ್ಯೆಯ ಹಿಂದಿನ ಕಾರಣ ತಿಳಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕೋರಿಲೇಷನ್ ಹಿಂದಿನದನ್ನು ಹೇಳುತ್ತದೆ, ಮುಂದಿನದಕ್ಕೆ ಗ್ಯಾರಂಟಿ ಇಲ್ಲ. ಈ ಮೂರು ಯಾಕೆ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂದು ತಿಳಿದಿದ್ದರೆ ಯಾವಾಗ ಅವು ಕೈಕೊಡಬಹುದು ಎಂದೂ ತಿಳಿಯುತ್ತದೆ.

ಭಾರತ ಚಿನ್ನವನ್ನು ಬಹುಪಾಲು ಹೊರಗಿನಿಂದ ತರಿಸುತ್ತದೆ. ಹಾಗಾಗಿ ನಮ್ಮ ಚಿನ್ನದ ಬೆಲೆಯಲ್ಲಿ ಮೂರು ತುಂಡುಗಳಿವೆ: ಹೊರಗಿನ ಡಾಲರ್ ಬೆಲೆ, ಡಾಲರಿಗೆ ಎಷ್ಟು ರೂಪಾಯಿ, ಮತ್ತು ಆಮದು ಸುಂಕ. ಡಾಲರ್ ಬೆಲೆ ಒಂದು ಪೈಸೆ ಅಲುಗದಿದ್ದರೂ, ಡಾಲರ್ 70 ರೂಪಾಯಿಯಿಂದ 77ಕ್ಕೆ ಹೋದರೆ ನಮ್ಮ ಚಿನ್ನ 10% ಏರುತ್ತದೆ. ಈಗ ಷೇರು ಮಾರುಕಟ್ಟೆ ಜೋರಾಗಿ ಬೀಳುವ ಕಾಲ ನೆನಪಿಸಿಕೊಳ್ಳಿ. ವಿದೇಶಿ ಹೂಡಿಕೆದಾರರು ಷೇರು ಮಾರುತ್ತಾರೆ. ಬಂದ ರೂಪಾಯಿಯನ್ನು ಡಾಲರ್ ಮಾಡಿಕೊಂಡು ಹೊರಡುತ್ತಾರೆ. ರೂಪಾಯಿ ಇಳಿಯುತ್ತದೆ. ಅದೇ ಕಾರಣಕ್ಕೆ ನಮ್ಮ ಚಿನ್ನ ಏರುತ್ತದೆ. ಷೇರನ್ನು ಬೀಳಿಸಿದ ಕೈಯೇ ಚಿನ್ನವನ್ನು ಎತ್ತುತ್ತದೆ. ಡಾಲರಿನಲ್ಲಿ ಸಂಬಳ, ಉಳಿತಾಯ ಇರುವ ಅಮೆರಿಕದವರಿಗೆ ಈ ಅನುಕೂಲ ಇಲ್ಲ. ಅಲ್ಲಿ ನೆಲೆಸಿರುವ ಕನ್ನಡಿಗರು ಈ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬಾರದು.

2008ರಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ಕಂಡಿತು. ಆ ವರ್ಷ ಸೆನ್ಸೆಕ್ಸ್ 52% ಬಿತ್ತು. ಡಾಲರ್ ಲೆಕ್ಕದಲ್ಲಿ ಚಿನ್ನ ಏರಿದ್ದು ಸುಮಾರು 5% ಮಾತ್ರ. ಆದರೆ ಡಾಲರ್ ಬೆಲೆ 39 ರೂಪಾಯಿ ಚಿಲ್ಲರೆಯಿಂದ 48 ದಾಟಿತು. ಹಾಗಾಗಿ ನಮ್ಮಲ್ಲಿ ಚಿನ್ನ 25%ಕ್ಕೂ ಜಾಸ್ತಿ ಏರಿತು. ಏರಿಕೆಯ ದೊಡ್ಡ ಪಾಲು ಚಿನ್ನದ್ದಲ್ಲ, ರೂಪಾಯಿಯದ್ದು.

ಬಾಂಡಿನ ಕಥೆ ಬಡ್ಡಿಯ ಕೈಯಲ್ಲಿದೆ. ನಿಮ್ಮ ಹತ್ತಿರ ವರ್ಷಕ್ಕೆ 7 ರೂಪಾಯಿ ಬಡ್ಡಿ ಕೊಡುವ 100 ರೂಪಾಯಿಯ ಬಾಂಡ್ ಇದೆ ಅನ್ನಿ. ನಾಳೆ ಬಡ್ಡಿ ದರ ಇಳಿದು ಹೊಸ ಬಾಂಡ್ 6 ರೂಪಾಯಿ ಮಾತ್ರ ಕೊಟ್ಟರೆ, ನಿಮ್ಮ ಹಳೆಯ ಬಾಂಡನ್ನು ಜನ 100ಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ಬಡ್ಡಿ ಏರಿದರೆ ಉಲ್ಟಾ. ಎಷ್ಟು ಏರಿಳಿಯುತ್ತದೆ ಎಂಬುದನ್ನು ಫಂಡಿನ ಫ್ಯಾಕ್ಟ್‌ಶೀಟ್‌ನಲ್ಲಿರುವ "ಮಾಡಿಫೈಡ್ ಡ್ಯುರೇಷನ್" ಹೇಳುತ್ತದೆ. ಅದು 7 ಎಂದಿದ್ದರೆ, ಬಡ್ಡಿ 1 ಪರ್ಸೆಂಟ್ ಪಾಯಿಂಟ್ ಇಳಿದರೆ ಬೆಲೆ ಸುಮಾರು 7% ಏರುತ್ತದೆ, ಏರಿದರೆ ಅಷ್ಟೇ ಬೀಳುತ್ತದೆ.

2008ರ ಕೊನೆಯಲ್ಲಿ ಜಗತ್ತೇ ಹಿಂಜರಿತಕ್ಕೆ ಹೆದರಿತ್ತು. ರಿಸರ್ವ್ ಬ್ಯಾಂಕ್ ಅಕ್ಟೋಬರ್‌ನಿಂದ ಡಿಸೆಂಬರ್‌ ಒಳಗೆ ರೆಪೊ ದರವನ್ನು 9%ದಿಂದ 6.5%ಕ್ಕೆ ಇಳಿಸಿತು. ರೆಪೊ ಎಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ದರ. ಷೇರು ಪಾತಾಳಕ್ಕೆ ಹೋಗುತ್ತಿದ್ದಾಗಲೇ ಗಿಲ್ಟ್ ಫಂಡ್‌ಗಳು ಜಿಗಿದವು.

ಇಷ್ಟು ಓದಿ "ಷೇರು ಬಿದ್ದರೆ ಬಾಂಡ್ ಏರುತ್ತದೆ" ಎಂದು ಬರೆದಿಟ್ಟುಕೊಂಡರೆ 2013 ನಿಮಗೆ ಪಾಠ ಕಲಿಸುತ್ತಿತ್ತು. ಆ ಮೇ ತಿಂಗಳಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ತಾನು ಪ್ರತಿ ತಿಂಗಳು ಕೊಳ್ಳುತ್ತಿದ್ದ ಬಾಂಡ್‌ಗಳನ್ನು ಕಡಿಮೆ ಮಾಡುವ ಸುಳಿವು ಕೊಟ್ಟಿತು. ವಿದೇಶಿ ಹಣ ಹೊರಟಿತು. ಆಗಸ್ಟ್ ಕೊನೆಗೆ ಡಾಲರ್ 68 ರೂಪಾಯಿ ದಾಟಿತು. ರೂಪಾಯಿ ಕಾಪಾಡಲು ರಿಸರ್ವ್ ಬ್ಯಾಂಕ್ ಜುಲೈನಲ್ಲೇ ಅಲ್ಪಾವಧಿ ಬಡ್ಡಿಯನ್ನು ಎತ್ತಿತ್ತು. ಹತ್ತು ವರ್ಷದ ಸರ್ಕಾರಿ ಬಾಂಡಿನ ಇಳುವರಿ 7%ದ ಆಸುಪಾಸಿನಿಂದ 9% ಮೇಲೆ ಹೋಯಿತು. ಇಳುವರಿ ಎಂದರೆ ಇವತ್ತಿನ ಬೆಲೆಗೆ ಕೊಂಡರೆ ಸಿಗುವ ಬಡ್ಡಿ, ಅದು ಏರಿದರೆ ಬಾಂಡಿನ ಬೆಲೆ ಬಿದ್ದಿದೆ ಎಂದರ್ಥ. ಷೇರೂ ಬಿತ್ತು, ಬಾಂಡೂ ಬಿತ್ತು. ಕೈ ಹಿಡಿದದ್ದು ಚಿನ್ನ. ಡಾಲರಿನಲ್ಲಿ ಅದು 2011ರ ಎತ್ತರದಿಂದ ಎಷ್ಟೋ ಕೆಳಗಿತ್ತು. ಆದರೂ ರೂಪಾಯಿ ಬಿದ್ದದ್ದಕ್ಕೆ, ಮೇಲಿಂದ ಆಗಸ್ಟ್‌ನಲ್ಲಿ ಆಮದು ಸುಂಕ 10%ಕ್ಕೆ ಏರಿದ್ದಕ್ಕೆ, ನಮ್ಮಲ್ಲಿ ಆ ತಿಂಗಳು ಚಿನ್ನ ಹೊಸ ದಾಖಲೆ ಬರೆಯಿತು.

ಎರಡು ಘಟನೆ ಪಕ್ಕಪಕ್ಕ ಇಟ್ಟು ನೋಡಿ. ವ್ಯಾಪಾರ ಕುಸಿಯುವ ಭಯಕ್ಕೆ ಷೇರು ಬಿದ್ದರೆ ಬಡ್ಡಿ ಇಳಿಯುತ್ತದೆ, ಬಾಂಡ್ ಸಹಾಯಕ್ಕೆ ಬರುತ್ತದೆ. ಬೆಲೆಯೇರಿಕೆಯ ಭಯಕ್ಕೆ ಅಥವಾ ರೂಪಾಯಿಯ ಭಯಕ್ಕೆ ಷೇರು ಬಿದ್ದರೆ ಬಡ್ಡಿ ಏರುತ್ತದೆ, ಬಾಂಡೂ ಷೇರಿನ ಜೊತೆ ಬೀಳುತ್ತದೆ. 2022ರಲ್ಲಿ ಅಮೆರಿಕದಲ್ಲಿ ಆದದ್ದು ಎರಡನೆಯದು. ಅಲ್ಲಿಯ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ಸುಮಾರು 18% ಬಿತ್ತು, ಬಾಂಡ್‌ಗಳೂ ಸುಮಾರು 13% ಬಿದ್ದವು. 60% ಷೇರು, 40% ಬಾಂಡ್ ಎಂಬ ಹಳೆಯ ಸೂತ್ರ ನಂಬಿದವರಿಗೆ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಮಿಶ್ರಣಕ್ಕೆ ಎರಡು ಸಾಲದೆ ಮೂರನೆಯದು ಬೇಕಾಗುವುದು ಈ ಕಾರಣಕ್ಕೆ.

ಮೂರೂ ಕೈಕೊಡುವ ದಿನಗಳೂ ಇವೆ. 2020ರ ಮಾರ್ಚ್ ಮಧ್ಯದಲ್ಲಿ ಎಲ್ಲರಿಗೂ ಕೈಯಲ್ಲಿ ನಗದು ಬೇಕಾಗಿತ್ತು. ಮಾರಲಾಗುವುದನ್ನೆಲ್ಲ ಮಾರಿದರು, ಚಿನ್ನವನ್ನೂ. ಸುಮಾರು ಹತ್ತು ದಿನ ಹೊರಗಿನ ಚಿನ್ನ ಷೇರಿನ ಜೊತೆಗೇ ಬಿತ್ತು. ಆಮೇಲೆ ಎದ್ದು ಆಗಸ್ಟಿನಲ್ಲಿ ದಾಖಲೆಗೆ ಹೋಯಿತು. ಇಂತಹ ಹತ್ತು ದಿನಗಳಿಗೆ ಯಾವ ಮಿಶ್ರಣವೂ ಮದ್ದಲ್ಲ. ಅದಕ್ಕೆ ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿ, ಈ ಲೆಕ್ಕದ ಹೊರಗೆ, ಸುಮ್ನೆ ಇಟ್ಟುಕೊಳ್ಳಬೇಕು.

ಸುಂಕದ ತುಂಡನ್ನೂ ಮರೆಯಬೇಡಿ. 2024ರ ಜುಲೈ 23ರ ಬಜೆಟ್‌ನಲ್ಲಿ ಚಿನ್ನದ ಸುಂಕ 15%ದಿಂದ 6%ಕ್ಕೆ ಇಳಿಯಿತು. ಹೊರಗೆ ಏನೂ ಆಗದಿದ್ದರೂ ನಮ್ಮಲ್ಲಿ ಅದೇ ದಿನ ಬೆಲೆ ಕುಸಿಯಿತು. ಇಂಥದ್ದನ್ನು ಯಾವ ಕೋರಿಲೇಷನ್ನೂ ಮೊದಲೇ ಹೇಳುವುದಿಲ್ಲ.

5. ಪಾಲು ನಿರ್ಧರಿಸಿ

ಮೊದಲು ಷೇರಿನ ಪಾಲು. ಅದಕ್ಕೆ ಸೂತ್ರ ಬೇಡ, ಒಂದು ಪ್ರಶ್ನೆ ಸಾಕು. ಷೇರು ಅರ್ಧಕ್ಕೆ ಇಳಿಯುತ್ತದೆ ಅಂದುಕೊಳ್ಳಿ, 2008ರಲ್ಲಿ ಇಳಿದಿತ್ತಲ್ಲ. ಹತ್ತು ಲಕ್ಷದಲ್ಲಿ 60% ಷೇರು ಇದ್ದರೆ ಮೂರು ಲಕ್ಷ ಮಾಯ. ಆ ವಾರ ಮಾರದೆ ಇರಬಲ್ಲಿರಾ? ಇಲ್ಲ ಎನಿಸಿದರೆ 50%ಕ್ಕೆ ಬನ್ನಿ, ಇನ್ನೂ ಇಲ್ಲ ಎನಿಸಿದರೆ 40%.

ಉಳಿದದ್ದನ್ನು ಚಿನ್ನ ಮತ್ತು ಬಾಂಡಿಗೆ ಹಂಚಬೇಕು. 60-20-20 ಎಂಬ ಉದಾಹರಣೆ ನೋಡೋಣ. ಏರಿಳಿತ ಷೇರಿಗೆ 18%, ಚಿನ್ನಕ್ಕೆ 15%, ಬಾಂಡಿಗೆ 5%. ಕೋರಿಲೇಷನ್ ಷೇರು-ಚಿನ್ನಕ್ಕೆ ಸೊನ್ನೆ, ಉಳಿದ ಎರಡು ಜೋಡಿಗೆ 0.1. ನಿಮ್ಮ ಶೀಟಿನಿಂದ ನಿಮ್ಮದೇ ಏರಿಳಿತ ತೆಗೆಯಲು ಹೀಗೆ:

```
=STDEV(E3:E122)*SQRT(12)
```

ಪಾಲನ್ನು ಏರಿಳಿತದಿಂದ ಗುಣಿಸಿದರೆ 10.8, 3 ಮತ್ತು 1 ಬರುತ್ತದೆ. ಮೂರನ್ನೂ ಸುಮ್ನೆ ಕೂಡಿದರೆ 14.8. ಎಲ್ಲವೂ ಜೊತೆಯಾಗಿ ಕುಣಿದರೆ ಮಿಶ್ರಣದ ಏರಿಳಿತ ಅಷ್ಟು. ಆದರೆ ಅವು ಜೊತೆಯಾಗಿ ಕುಣಿಯುವುದಿಲ್ಲ, ಹಾಗಾಗಿ ನಿಜವಾದ ಲೆಕ್ಕ ಹೀಗೆ:

```
=SQRT(10.8^2+3^2+1^2+2*(0*10.8*3+0.1*10.8*1+0.1*3*1))
```

ಉತ್ತರ 11.4%. ಷೇರೊಂದೇ ಇದ್ದರೆ 18%. ಇನ್ನೂ ಒಂದು ವಿಷಯ ಈ ಸಂಖ್ಯೆಗಳಲ್ಲಿ ಅಡಗಿದೆ. ವರ್ಗಮೂಲದ ಒಳಗಿನ ಮೊತ್ತ 129.4, ಅದರಲ್ಲಿ ಷೇರಿನ ಪಾಲೇ ಸುಮಾರು 118. ಅಂದರೆ ಹಣದಲ್ಲಿ 60% ಇರುವ ಷೇರು ಅಪಾಯದಲ್ಲಿ 91% ಹೊತ್ತಿದೆ. "ನನ್ನದು ಬ್ಯಾಲೆನ್ಸ್ ಆದ ಮಿಶ್ರಣ" ಎಂದುಕೊಂಡವರ ಹಣದ ಹಣೆಬರಹ ಈಗಲೂ ಷೇರು ಮಾರುಕಟ್ಟೆಯ ಕೈಯಲ್ಲೇ ಇದೆ. 5% ಚಿನ್ನ ಸೇರಿಸಿ ರಕ್ಷಣೆ ಸಿಕ್ಕಿತು ಅನ್ನುವವರ ಲೆಕ್ಕ ತಪ್ಪುವುದೂ ಇಲ್ಲೇ. ಅಷ್ಟು ಸಣ್ಣ ಪಾಲು ಏನನ್ನೂ ಬದಲಿಸುವುದಿಲ್ಲ.

ಹಾಗಾದರೆ ಚಿನ್ನ 40% ಇಡಬಹುದಲ್ಲ? ಬೇಡ. ಚಿನ್ನ ಬಡ್ಡಿ ಕೊಡುವುದಿಲ್ಲ, ಡಿವಿಡೆಂಡ್ ಕೊಡುವುದಿಲ್ಲ. 2012ರಲ್ಲಿ ನಮ್ಮಲ್ಲಿ ಹತ್ತು ಗ್ರಾಂ ಸುಮಾರು 31,000 ರೂಪಾಯಿ ಇತ್ತು. 2018ರಲ್ಲೂ ಸುಮಾರು 31,000. ಆರು ವರ್ಷ ನಿಂತಲ್ಲೇ ನಿಂತಿತ್ತು, ಆ ಹೊತ್ತಿಗೆ ಎಫ್‌ಡಿಯಾದರೂ ಅರ್ಧದಷ್ಟು ಬೆಳೆಯುತ್ತಿತ್ತು. ಕೋರಿಲೇಷನ್ ಕಡಿಮೆ ಅಂದ ಮಾತ್ರಕ್ಕೆ ಲಾಭ ಜಾಸ್ತಿ ಎಂದಲ್ಲ. ನನ್ನ ಮಟ್ಟಿಗೆ 10%ಕ್ಕಿಂತ ಕಡಿಮೆ ಚಿನ್ನ ವ್ಯರ್ಥ, 20%ಕ್ಕಿಂತ ಜಾಸ್ತಿ ಆಸೆ.

ಬಾಂಡಿನಲ್ಲಿ ಗಿಲ್ಟ್ ಫಂಡೇ ಬೇಕೆಂದಿಲ್ಲ. ಎಫ್‌ಡಿ, ಪಿಎಫ್‌ಗಳಿಗೆ ದಿನದ ಬೆಲೆಯೇ ಇಲ್ಲ. ಹಾಗಾಗಿ 2008ರಂತೆ ಜಿಗಿಯುವುದಿಲ್ಲ, 2013ರಂತೆ ಬೀಳುವುದೂ ಇಲ್ಲ. ಹೆಚ್ಚಿನವರಿಗೆ ಅದೇ ಚೆನ್ನ. ಆದರೆ ಜಾಸ್ತಿ ಬಡ್ಡಿಗೆ ಆಸೆಪಟ್ಟು ಕ್ರೆಡಿಟ್ ರಿಸ್ಕ್ ಫಂಡ್ ಕೊಂಡರೆ ಈ ಇಡೀ ಲೆಕ್ಕ ಕೆಡುತ್ತದೆ. ಅವು ದುರ್ಬಲ ಕಂಪನಿಗಳಿಗೆ ಸಾಲ ಕೊಡುತ್ತವೆ. ವ್ಯಾಪಾರ ಕುಸಿದಾಗ ಷೇರು ಬೀಳುವ ಕಾರಣಕ್ಕೇ ಆ ಸಾಲಗಳೂ ಕೈಕೊಡುತ್ತವೆ. 2020ರ ಏಪ್ರಿಲ್‌ನಲ್ಲಿ ಒಂದು ಫಂಡ್ ಕಂಪನಿ ಆರು ಡೆಟ್ ಫಂಡ್‌ಗಳನ್ನು ಒಟ್ಟಿಗೆ ಮುಚ್ಚಿತು. ಹೆಸರು ಡೆಟ್, ಗುಣ ಷೇರಿನದು.

6. ವರ್ಷಕ್ಕೊಮ್ಮೆ ಪಾಲು ಸರಿಮಾಡಿ

ಇದಕ್ಕೆ ರೀಬ್ಯಾಲೆನ್ಸಿಂಗ್ ಎನ್ನುತ್ತಾರೆ. ಕೋರಿಲೇಷನ್‌ನಿಂದ ಕೈಗೆ ಹಣ ಬರುವುದು ಈ ಹಂತದಲ್ಲಿ. 2008ರ ಆರಂಭದಲ್ಲಿ ಹತ್ತು ಲಕ್ಷವನ್ನು 60-20-20 ಹಾಕಿದ್ದರೆ ಏನಾಗುತ್ತಿತ್ತು ನೋಡೋಣ. ಷೇರಿಗೆ ಸೆನ್ಸೆಕ್ಸ್ ಲೆಕ್ಕ. ಚಿನ್ನ ಮತ್ತು ಬಾಂಡಿನ ಸಂಖ್ಯೆಗಳನ್ನು ಲೆಕ್ಕ ಸುಲಭವಾಗಲಿ ಎಂದು ನಾನು ಮೊಟಕು ಮಾಡಿದ್ದೇನೆ: 2008ರಲ್ಲಿ ಚಿನ್ನ 25% ಏರಿಕೆ, ಬಾಂಡ್ 10% ಏರಿಕೆ.

ವರ್ಷದ ಕೊನೆಗೆ ಷೇರಿನ 6 ಲಕ್ಷ 2.88 ಲಕ್ಷ ಆಗುತ್ತದೆ. ಚಿನ್ನದ 2 ಲಕ್ಷ 2.5 ಲಕ್ಷ, ಬಾಂಡಿನ 2 ಲಕ್ಷ 2.2 ಲಕ್ಷ. ಒಟ್ಟು 7.58 ಲಕ್ಷ. 24% ನಷ್ಟ. ನೋವು ಹೌದು, ಆದರೆ ಬರೀ ಷೇರಿನವರ ಹತ್ತಿರ ಉಳಿದದ್ದು 4.8 ಲಕ್ಷ.

ಈಗ 7.58 ಲಕ್ಷವನ್ನು ಮತ್ತೆ 60-20-20 ಮಾಡಬೇಕು. ಷೇರು 4.55 ಲಕ್ಷ ಇರಬೇಕು. ಹಾಗಾಗಿ ಚಿನ್ನದಿಂದ 98,000, ಬಾಂಡಿನಿಂದ 68,000 ತೆಗೆದು ಷೇರು ಕೊಳ್ಳುತ್ತೀರಿ. ಟಿವಿಯಲ್ಲಿ ಎಲ್ಲರೂ ಪ್ರಳಯ ಅನ್ನುತ್ತಿರುವಾಗ ಷೇರು ಕೊಳ್ಳುವುದು, ಹೊಳೆಯುತ್ತಿರುವ ಚಿನ್ನ ಮಾರುವುದು. ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ನಿಯಮವನ್ನು ಮೊದಲೇ ಬರೆದಿಡಬೇಕು.

2009ರಲ್ಲಿ ಸೆನ್ಸೆಕ್ಸ್ 81% ಏರಿತು. ಚಿನ್ನಕ್ಕೆ 18% ಏರಿಕೆ ಹಿಡಿಯೋಣ. ಬಾಂಡಿಗೆ 5% ಇಳಿಕೆ, ಯಾಕೆಂದರೆ ಆ ವರ್ಷ ಇಳುವರಿ ಮತ್ತೆ ಮೇಲೆ ಹೋಯಿತು. ಪಾಲು ಸರಿಮಾಡಿದವರ ಹತ್ತಿರ ಸುಮಾರು 11.5 ಲಕ್ಷ ಇರುತ್ತದೆ. ಮಿಶ್ರಣ ಇದ್ದೂ ಮುಟ್ಟದೆ ಬಿಟ್ಟವರ ಹತ್ತಿರ ಸುಮಾರು 10.25 ಲಕ್ಷ. ಬರೀ ಷೇರಿನವರದ್ದು 8.7 ಲಕ್ಷ, ಇನ್ನೂ ಅಸಲಿಗೇ ಬಂದಿಲ್ಲ. ಈ ಎರಡು ವರ್ಷ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ, ಪ್ರತಿ ಸಲ ಇಷ್ಟು ಸಿಗುವುದಿಲ್ಲ. ಷೇರು ವರ್ಷಗಟ್ಟಲೆ ಏರುತ್ತಲೇ ಇರುವ ಕಾಲದಲ್ಲಿ ಬರೀ ಷೇರಿನವರೇ ಮುಂದಿರುತ್ತಾರೆ, ನೀವು ಪಾಲು ಸರಿಮಾಡಿ ಮಾಡಿ ಹಿಂದೆ ಬೀಳುತ್ತೀರಿ.

ನಿಯಮ ಸರಳವಾಗಿರಲಿ. ವರ್ಷಕ್ಕೊಮ್ಮೆ, ಒಂದೇ ತಿಂಗಳಲ್ಲಿ ನೋಡಿ. ಯಾವುದಾದರೂ ಪಾಲು ಗುರಿಯಿಂದ 5 ಪಾಯಿಂಟ್‌ಗಿಂತ ಜಾಸ್ತಿ ಸರಿದಿದ್ದರೆ ಮಾತ್ರ ಕೈಹಾಕಿ. 20% ಇರಬೇಕಾದ ಚಿನ್ನ 23% ಆಗಿದ್ದರೆ ಬಿಟ್ಟುಬಿಡಿ. 26% ಆಗಿದ್ದರೆ ಸರಿಮಾಡಿ. ಹತ್ತು ಗ್ರಾಂ ಚಿನ್ನ 2025ರ ಏಪ್ರಿಲ್‌ನಲ್ಲಿ ಲಕ್ಷ ರೂಪಾಯಿ ದಾಟಿತು, ಆಮೇಲೂ ಏರಿತು. "ಈಗ ಸೇರಿಸಲಾ?" ಎಂದು ಕೇಳಿದವರಿಗೆ ಇದೇ ನನ್ನ ಉತ್ತರ: ನಿಮ್ಮ ಶೀಟಿನಲ್ಲಿ ಚಿನ್ನದ ಪಾಲು ಎಷ್ಟಿದೆ ನೋಡಿ. ಗುರಿಗಿಂತ 5 ಪಾಯಿಂಟ್‌ಗೂ ಜಾಸ್ತಿ ಕೆಳಗಿದ್ದರೆ ಕೊಳ್ಳಿ, ಅಷ್ಟು ಮೇಲಿದ್ದರೆ ಮಾರಿ. ಬೆಲೆ ಎಷ್ಟು ಅನ್ನುವುದು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಮಾರುವ ಮೊದಲು ತೆರಿಗೆ ಯೋಚಿಸಿ. 2024ರ ಜುಲೈನಲ್ಲಿ ಬದಲಾದ ನಿಯಮದಂತೆ, ವರ್ಷ ದಾಟಿದ ಷೇರು ಫಂಡಿನ ಲಾಭಕ್ಕೆ 1.25 ಲಕ್ಷದ ಮೇಲೆ 12.5%. ವರ್ಷ ದಾಟಿದ ಗೋಲ್ಡ್ ಇಟಿಎಫ್‌ಗೂ 12.5%, ಆದರೆ ಅದಕ್ಕೆ 1.25 ಲಕ್ಷದ ವಿನಾಯಿತಿ ಇಲ್ಲ. 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡಿನ ಲಾಭಕ್ಕೆ ನಿಮ್ಮ ಆದಾಯದ ಸ್ಲ್ಯಾಬ್ ದರವೇ. ಬಜೆಟ್‌ಗಳಲ್ಲಿ ಇವು ಬದಲಾಗುತ್ತಿರುತ್ತವೆ, ಮಾರುವ ವರ್ಷದ ನಿಯಮ ನೋಡಿಕೊಳ್ಳಿ. ಇನ್ನೂ ಉಳಿತಾಯ ಮಾಡುವ ವಯಸ್ಸಿನವರಾದರೆ ಮಾರುವುದೇ ಬೇಡ. ಮುಂದಿನ ಕೆಲವು ತಿಂಗಳ ಎಸ್‌ಐಪಿ ಹಣವನ್ನೆಲ್ಲ ಹಿಂದೆ ಬಿದ್ದಿರುವ ರಾಶಿಗೆ ತಿರುಗಿಸಿ. ಪಾಲು ತಾನಾಗಿ ಸರಿಹೋಗುತ್ತದೆ, ತೆರಿಗೆಯೂ ಇಲ್ಲ.

ಕೊಳ್ಳುವಾಗ ಗೋಲ್ಡ್ ಇಟಿಎಫ್ ಸಾಕು. ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್‌ನ ಹೊಸ ಕಂತು 2024ರ ಫೆಬ್ರವರಿಯ ನಂತರ ಬಂದಿಲ್ಲ. ಹಳೆಯವು ಷೇರುಪೇಟೆಯಲ್ಲಿ ಸಿಗುತ್ತವೆ. ಆದರೆ ಕೆಲವು ಕಂತುಗಳಲ್ಲಿ ಕೊಳ್ಳುವವರು-ಮಾರುವವರು ಕಡಿಮೆ. ಬೇಕಾದ ದಿನ ಬೇಕಾದ ಬೆಲೆಗೆ ಮಾರಲಾಗದಿದ್ದರೆ ಪಾಲು ಸರಿಮಾಡುವುದು ಕಷ್ಟ.

ಕೊನೆಗೆ ಶೀಟಿನ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ. H38 ಮನೆಯಲ್ಲಿ ಇದನ್ನು ಬರೆದು ಕೆಳಕ್ಕೆ ಎಳೆಯಿರಿ:

```
=CORREL(E3:E38,F3:F38)
```

ಇದು ಪ್ರತಿ ಮೂರು ವರ್ಷದ ಷೇರು-ಚಿನ್ನ ಕೋರಿಲೇಷನ್. ಒಂದು ಗೆರೆ ಚಿತ್ರ ಮಾಡಿ ನೋಡಿ. ಅದು ಸೊನ್ನೆಯ ಮೇಲೆ ಕೆಳಗೆ ಓಡಾಡುತ್ತಿದ್ದರೆ ಎಲ್ಲ ಸರಿ ಇದೆ. ಸತತ ಎರಡು-ಮೂರು ವರ್ಷ 0.5ರ ಮೇಲೆಯೇ ನಿಂತರೆ 5ನೇ ಹಂತದ ಸೂತ್ರದಲ್ಲಿ ಸೊನ್ನೆಯ ಜಾಗಕ್ಕೆ 0.5 ಹಾಕಿ. 60-20-20ರ ಏರಿಳಿತ 11.4%ದಿಂದ 12.7%ಕ್ಕೆ ಹೋಗುತ್ತದೆ. ಅಷ್ಟನ್ನು ತಡೆಯಲಾರಿರಿ ಎನಿಸಿದರೆ ಚಿನ್ನವನ್ನು ಮುಟ್ಟಬೇಡಿ, ಷೇರಿನ ಪಾಲನ್ನೇ ಐದೋ ಹತ್ತೋ ಪಾಯಿಂಟ್ ಇಳಿಸಿ, ಅದನ್ನು ಎಫ್‌ಡಿಗೆ ಹಾಕಿ.